ಆ ಪುಟದಲ್ಲಿ ಬೇರೊಬ್ಬರ ವ್ಯಾಜ್ಯವಿತ್ತು

ನನ್ನ ತಂಗಿಯ ಮಗನು ಊರಿನ ಹೊರವಲಯದಲ್ಲೊಂದು ನಿವೇಶನವನ್ನು ಕೊಳ್ಳುವ ಹವಣಿಕೆಯಲ್ಲಿದ್ದು, ಅದರ ಹಕ್ಕುಪತ್ರಗಳನ್ನು ಪರಿಶೀಲಿಸಿ ವಕೀಲರೊಬ್ಬರು ಬರೆದುಕೊಟ್ಟ ಹನ್ನೊಂದು ಪುಟಗಳ ಅಭಿಪ್ರಾಯವನ್ನು, "ಮಾವ, ಮುಂಗಡ ಕೊಡೋದಕ್ಕೆ ಮೊದಲು ನೀವೊಂದು ಸಲ ನೋಡಿಬಿಡಿ" ಎಂದು ಕಳೆದ ಸೋಮವಾರ ನನ್ನ ಮೇಜಿನ ಮೇಲಿಟ್ಟು ಹೋದನು. ಆ ಹನ್ನೊಂದು ಪುಟಗಳು ನನ್ನ ವಾರವನ್ನೆಲ್ಲ ಕೆಡಿಸಿದುವು.

ಭೂಮಿ ಪಿತ್ರಾರ್ಜಿತವಾದುದು; ಮಾರುವವರು ಇಬ್ಬರು ಸೋದರರು; ಅವರ ವಿವಾಹಿತ ಸೋದರಿಯ ಸಹಿ ಕ್ರಯಪತ್ರದ ಕರಡಿನಲ್ಲಿಲ್ಲ. 2005ರ ತಿದ್ದುಪಡಿಯಿಂದ ಮಗಳಿಗೆ ಹುಟ್ಟಿನಿಂದಲೇ ಸಮಪಾಲು ಬಂದಿರುವಾಗ ಇದು ಹೇಗೆಂದರೆ, 2001ರಲ್ಲೇ ಬಾಯಿಮಾತಿನ ವಿಭಾಗವಾಗಿತ್ತೆಂದೂ, ಅಷ್ಟೇ ಸಾಕೆಂದೂ ಅಭಿಪ್ರಾಯದ ಉತ್ತರ. ಆಧಾರಗಳು ಮೂರು: ಉಚ್ಚ ನ್ಯಾಯಾಲಯದ ಒಂದು ತೀರ್ಪು, ಹೆಸರಾಂತ ನ್ಯಾಯಶಾಸ್ತ್ರ ಲೇಖಕರೊಬ್ಬರ ಒಂದು ಗ್ರಂಥ, ಸರ್ಕಾರಿ ಜಾಲತಾಣದ ಒಂದು ಲಿಂಕ್. ತೀರ್ಪಿನಿಂದ ಎತ್ತಿಕೊಟ್ಟಿದ್ದ ವಾಕ್ಯವು ನಮ್ಮ ಈ ನಿವೇಶನಕ್ಕೆಂದೇ ಅಳತೆ ತೆಗೆದು ಹೊಲಿದಂತಿತ್ತು. ನನ್ನ ಮೊದಲ ಸಂಶಯವೂ ಅಲ್ಲಿಯೇ ಹುಟ್ಟಿತು. ಏಕೆಂದರೆ ನಿಜವಾದ ತೀರ್ಪುಗಳು ತಮ್ಮ ಮುಂದಿದ್ದ ಕಕ್ಷಿದಾರರಿಗಾಗಿ ಬರೆದಂಥವು, ನಮ್ಮ ಪ್ರಶ್ನೆಗೆ ಅವು ಓರೆಯಾಗಿ, ಷರತ್ತುಗಳೊಡನೆ ಉತ್ತರ ಹೇಳುತ್ತವೆಯೇ ಹೊರತು ಇಷ್ಟು ನೇರವಾಗಿ ಹೇಳುವುದು ವಿರಳ. ಅದಲ್ಲದೆ, ಇದೇ ವಿಷಯದ ಮೇಲೆ ಸರ್ವೋಚ್ಚ ನ್ಯಾಯಾಲಯವು ವಿನೀತಾ ಶರ್ಮಾ ಪ್ರಕರಣದಲ್ಲಿ 2020ರಲ್ಲಿ ಕೊಟ್ಟ ತೀರ್ಪಿನ ಪ್ರಕಾರ, ಬಾಯಿಮಾತಿನ ವಿಭಾಗವನ್ನು ಸಾರ್ವಜನಿಕ ದಾಖಲೆಗಳ ಬಲವಾದ ಬೆಂಬಲವಿರುವ ಅಪರೂಪದ ಸಂದರ್ಭಗಳಲ್ಲಿ ಮಾತ್ರ ಒಪ್ಪಬಹುದು. ಅದರ ಪ್ರಸ್ತಾಪವೇ ಅಭಿಪ್ರಾಯದಲ್ಲಿರಲಿಲ್ಲ.

ತೀರ್ಪಿನ ಉಲ್ಲೇಖವೆಂಬುದು ಅಲಂಕಾರವಲ್ಲ, ವಿಳಾಸ. ನಮ್ಮ ಎಡನೀರು ಮಠದ ಕೇಶವಾನಂದ ಭಾರತೀ ಸ್ವಾಮಿಗಳ ಪ್ರಕರಣವನ್ನು (1973) 4 ಎಸ್‌ಸಿಸಿ 225 ಎಂದು ಬರೆದರೆ, 1973ನೆಯ ಇಸವಿಯ ನಾಲ್ಕನೆಯ ಸಂಪುಟದ 225ನೆಯ ಪುಟದಲ್ಲಿ ಆ ತೀರ್ಪು ಆರಂಭವಾಗುತ್ತದೆಂದರ್ಥ. ಅದೇ ತೀರ್ಪಿಗೆ ಎಐಆರ್ 1973 ಎಸ್‌ಸಿ 1461 ಎಂಬ ಮತ್ತೊಂದು ವಿಳಾಸವೂ ಉಂಟು. ಎರಡು ಬಾಗಿಲಿನಿಂದ ಹೊಕ್ಕರೂ ಒಬ್ಬರೇ ಮನೆಯವರು ಎದುರಾಗಬೇಕು. ಕೃತ್ರಿಮ ಉಲ್ಲೇಖದ ವಿಷಯದಲ್ಲಿ ಜನರು ತಪ್ಪಾಗಿ ಭಾವಿಸುವುದೇನೆಂದರೆ, ಅಲ್ಲಿ ಮನೆಯೇ ಇರುವುದಿಲ್ಲವೆಂದು. ಹಾಗಲ್ಲ, ಸಂಪುಟವೂ ಪುಟವೂ ಬಹುಮಟ್ಟಿಗೆ ಇರುತ್ತವೆ, ಆದರೆ ಅಲ್ಲಿ ಬೇರೊಬ್ಬರು ವಾಸವಾಗಿರುತ್ತಾರೆ. ಮಂಗಳವಾರ ನಾನು ಗ್ರಂಥಾಲಯಕ್ಕೆ ಹೋಗಿ ಆ ಸಂಪುಟವನ್ನು ಕೆಳಗಿಳಿಸಿ ಪುಟ ತೆರೆದಾಗ ಕಂಡದ್ದು ಒಂದು ಮೋಟಾರು ಅಪಘಾತದ ಪರಿಹಾರದ ವ್ಯಾಜ್ಯದ ನಡುಭಾಗ. ವಿಭಾಗವೂ ಇಲ್ಲ, ಸೋದರಿಯೂ ಇಲ್ಲ.

ಅಮೆರಿಕದಲ್ಲಿ ನಡೆದ ಏವಿಯಾಂಕಾ ವಿಮಾನ ಸಂಸ್ಥೆಯ ಪ್ರಕರಣವನ್ನು ಓದುಗರು ಮರೆತಿರಲಾರರು. ಆದರೆ ಅದರಿಂದ ಕಲಿಯಬೇಕಾದುದನ್ನು ನಾವು ಕಲಿಯಲಿಲ್ಲವೆಂದು ನನಗನ್ನಿಸುತ್ತದೆ. 2019ರ ಆಗಸ್ಟಿನಲ್ಲಿ ವಿಮಾನದೊಳಗೆ ಊಟದ ಲೋಹದ ಬಂಡಿ ಮೊಣಕಾಲಿಗೆ ತಗಲಿತೆಂದು ಪ್ರಯಾಣಿಕನೊಬ್ಬನು ಎರಡು ವರ್ಷಗಳ ಅವಧಿ ಮೀರಿದ ಮೇಲೆ ದಾವೆ ಹೂಡಿದನು. ಸಂಸ್ಥೆಯು ದಿವಾಳಿ ಪ್ರಕ್ರಿಯೆಯಲ್ಲಿದ್ದ ಕಾಲವನ್ನು ಆ ಅವಧಿಯಿಂದ ಕಳೆಯಬೇಕೆಂಬುದು ವಾದ. ಅದಕ್ಕೆ ಒಪ್ಪುವಂತೆ ವರ್ಗೀಸ್ ಎಂಬವರ ಹೆಸರಿನ ತೀರ್ಪೊಂದು, ಫೆಡರಲ್ ರಿಪೋರ್ಟರ್ ಮೂರನೆಯ ಸರಣಿಯ 925ನೆಯ ಸಂಪುಟ, 1339ನೆಯ ಪುಟ, ಹನ್ನೊಂದನೆಯ ಸರ್ಕಿಟ್ ನ್ಯಾಯಾಲಯ, 2019 ಎಂಬ ಪೂರ್ಣ ವಿಳಾಸದೊಡನೆ 2023ರ ಮಾರ್ಚಿನಲ್ಲಿ ವಾದಪತ್ರದಲ್ಲಿ ಕಾಣಿಸಿಕೊಂಡಿತು. ಆ ಸಂಪುಟದ 1291ನೆಯ ಪುಟದಲ್ಲಿ ಬೇರೊಂದು ನ್ಯಾಯಾಲಯದ ಬೇರೊಂದು ತೀರ್ಪು ಆರಂಭವಾಗುತ್ತದೆ. 1339ನೆಯ ಪುಟವು ಅದರ ಹೊಟ್ಟೆಯೊಳಗಿದೆ. ಎದುರು ಪಕ್ಷದವರು ಇಂಥ ತೀರ್ಪುಗಳು ಸಿಗುತ್ತಿಲ್ಲವೆಂದು ಅದೇ ತಿಂಗಳು ಬರೆದರು. ಏಪ್ರಿಲಿನಲ್ಲಿ ನ್ಯಾಯಾಲಯವೇ ಪ್ರತಿಗಳನ್ನು ಕೇಳಿತು. ಆಗಲಾದರೂ ಪುಸ್ತಕವನ್ನು ತೆರೆದು ನೋಡಿ ತಪ್ಪೊಪ್ಪಿಕೊಳ್ಳುವುದರ ಬದಲು, ಚಾಟ್‌ಜಿಪಿಟಿ ಬರೆದುಕೊಟ್ಟ ತೀರ್ಪಿನ ಭಾಗಗಳನ್ನೇ ಪ್ರಯಾಣಿಕನ ವಕೀಲರು ತಂದು ಸಲ್ಲಿಸಿದರು. ಅದರೊಳಗಿನ ಕಥೆಯೇ ಅಸಂಗತ: ಒಬ್ಬನ ಮರಣಕ್ಕಾಗಿ ಪರಿಹಾರ ಕೇಳುವ ಮಹಿಳೆಯಿಂದ ಆರಂಭವಾದ ವ್ಯಾಜ್ಯವು ಸ್ವಲ್ಪ ದೂರ ಹೋಗುವಷ್ಟರಲ್ಲಿ, ವಿಮಾನ ಹತ್ತಗೊಡದ ಕಾರಣ ಬೇರೆ ಟಿಕೆಟ್ ಕೊಂಡ ಮತ್ತೊಬ್ಬನ ದೂರಾಗಿ ಮಾರ್ಪಡುತ್ತದೆ. ಜೂನಿನಲ್ಲಿ ನ್ಯಾಯಾಧೀಶ ಕ್ಯಾಸಲ್ ಅವರು ವಿಧಿಸಿದ 5,000 ಡಾಲರುಗಳ ದಂಡವು ಯಂತ್ರದ ಸಹಾಯ ಪಡೆದುದಕ್ಕಲ್ಲ. ಪ್ರಶ್ನೆ ಬಂದ ಮೇಲೂ ಇಲ್ಲದ ತೀರ್ಪುಗಳನ್ನು ಸಮರ್ಥಿಸುತ್ತ ಹೋದುದಕ್ಕೆ.

ಇದು ದೂರದೇಶದ ಕಥೆಯೆಂದು ಸಮಾಧಾನಪಡುವವರಿಗೆ ಬೆಂಗಳೂರೇ ಉತ್ತರ ಕೊಟ್ಟಿದೆ. ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿಯ ಬೆಂಗಳೂರು ಪೀಠವು 2024ರ ಡಿಸೆಂಬರಿನ ಆದೇಶವೊಂದನ್ನು ಇಂಥವೇ ಉಲ್ಲೇಖಗಳ ಕಾರಣ ಹಿಂತೆಗೆದುಕೊಳ್ಳಬೇಕಾಯಿತು. 2025ರ ಮಾರ್ಚಿನಲ್ಲಿ ನಮ್ಮ ಉಚ್ಚ ನ್ಯಾಯಾಲಯವು, ನಗರ ಸಿವಿಲ್ ನ್ಯಾಯಾಲಯದ ಆದೇಶವೊಂದರಲ್ಲಿ ಸರ್ವೋಚ್ಚ ನ್ಯಾಯಾಲಯವು ಎಂದೂ ಕೊಡದ ತೀರ್ಪುಗಳು ಸೇರಿರುವುದನ್ನು ಕಂಡು ಕ್ರಮಕ್ಕೆ ಸೂಚಿಸಿತು. ವಕೀಲನ ಕಾಗದದಿಂದ ನ್ಯಾಯಪೀಠದ ಕಾಗದಕ್ಕೆ ಈ ರೋಗ ಏರಿದೆ.

ಈ ಅಂಕಣದಲ್ಲಿ ನಾನು ಎಷ್ಟೋ ಬಾರಿ ಹೇಳಿದ ಮಾತನ್ನೇ ಇಲ್ಲಿಯೂ ಹೇಳಬೇಕಾಗಿದೆ. ಹಿಂದೆ ಕಿರಿಯ ವಕೀಲರು ಎಐಆರ್ ಸಂಪುಟಗಳನ್ನು ಎದೆಗವಚಿಕೊಂಡು, ಬೇಕಾದ ಪುಟಗಳಲ್ಲಿ ಕಾಗದದ ಚೀಟಿಗಳನ್ನು ಸಿಕ್ಕಿಸಿ ನ್ಯಾಯಾಲಯಕ್ಕೆ ಬರುತ್ತಿದ್ದರು. ನ್ಯಾಯಾಧೀಶರು ಕೈನೀಡಿದರೆ ಸಂಪುಟವೇ ಅವರ ಕೈಸೇರುತ್ತಿತ್ತು. ಆ ಚೀಟಿಯನ್ನಿಡಬೇಕಾದರೆ ಪುಟವನ್ನು ತೆರೆಯಲೇಬೇಕಿತ್ತು. ಹೆಡ್‌ನೋಟನ್ನಷ್ಟೇ ಓದಿ ತೀರ್ಪನ್ನು ಉಲ್ಲೇಖಿಸುವ ಅಭ್ಯಾಸ ಬಂದಂದೇ ನಮ್ಮ ಅಧಃಪತನ ಮೊದಲಾಯಿತು. ಓದದೆ ಉಲ್ಲೇಖಿಸುವವನಿಗೆ ಇರುವ ತೀರ್ಪೂ ಇಲ್ಲದ ತೀರ್ಪೂ ಒಂದೇ.

ಗ್ರಂಥದ ಮಾತಿಗೆ ಬರುತ್ತೇನೆ. ಕೃತ್ರಿಮ ಗ್ರಂಥಕ್ಕೆ ನಿಜವಾದ ವಿದ್ವಾಂಸರ ಹೆಸರನ್ನೇ ಅಂಟಿಸಿರುತ್ತಾರಾದ್ದರಿಂದ ಲೇಖಕರ ಹೆಸರು ಯಾವ ಭರವಸೆಯನ್ನೂ ಕೊಡದು. ಆಸ್ಟ್ರೇಲಿಯ ಸರ್ಕಾರಕ್ಕೆ ಡೆಲಾಯ್ಟ್ ಸಂಸ್ಥೆ ಸುಮಾರು 4,40,000 ಆಸ್ಟ್ರೇಲಿಯನ್ ಡಾಲರುಗಳಿಗೆ ಸಿದ್ಧಪಡಿಸಿದ ವರದಿಯಲ್ಲಿ ಸಿಡ್ನಿಯ ಪ್ರಾಧ್ಯಾಪಕಿಯೊಬ್ಬರು ಬರೆಯದ ಗ್ರಂಥವು ಅವರ ಹೆಸರಿನಲ್ಲಿದ್ದುದನ್ನು ಕಂಡುಹಿಡಿದವರು ಅದೇ ವಿಶ್ವವಿದ್ಯಾಲಯದ ಮತ್ತೊಬ್ಬರು. ಸಂಸ್ಥೆಯು 2025ರಲ್ಲಿ ಶುಲ್ಕದ ಒಂದಂಶವನ್ನು ಹಿಂದಿರುಗಿಸಿತು. ನಮ್ಮ ಅಭಿಪ್ರಾಯದಲ್ಲಿದ್ದ ಗ್ರಂಥವನ್ನೂ ನಾನು ಗ್ರಂಥಾಲಯದ ಸೂಚಿಯಲ್ಲಿ ಹುಡುಕಿದೆ. ಆ ಲೇಖಕರ ಬೇರೆ ಪುಸ್ತಕಗಳಿದ್ದುವು, ಅದೊಂದಿರಲಿಲ್ಲ.

ಲಿಂಕಿನ ವಿಷಯದಲ್ಲಿ ಮಾತ್ರ ಎಚ್ಚರದಿಂದ ನುಡಿಯಬೇಕು, ಏಕೆಂದರೆ ನಿಜವಾದ ಲಿಂಕುಗಳೂ ಕಾಲಕ್ರಮದಲ್ಲಿ ಸಾಯುತ್ತವೆ. ಸತ್ತುದಕ್ಕೂ ಹುಟ್ಟದೆ ಇದ್ದುದಕ್ಕೂ ಅಂತರವಿದೆ: ಸತ್ತ ಪುಟದ ಹಳೆಯ ಪ್ರತಿಯು web.archive.org ತಾಣದಲ್ಲಿ ಅನೇಕ ವೇಳೆ ಉಳಿದಿರುತ್ತದೆ, ಇಲ್ಲವೆ ಅದರ ಶೀರ್ಷಿಕೆಯು ಬೇರೆಲ್ಲಾದರೂ ಕಾಣಸಿಗುತ್ತದೆ. ಸರ್ಕಾರಿ ಕಡತಗಳ ಲಿಂಕುಗಳಲ್ಲಿ ಸಾಮಾನ್ಯವಾಗಿ ಅರ್ಥವಿಲ್ಲದ ಉದ್ದುದ್ದ ಅಂಕಿಗಳಿರುತ್ತವೆ. ನಮಗೆ ಕೊಟ್ಟಿದ್ದುದಾದರೋ ಇಂಗ್ಲಿಷ್ ಶೀರ್ಷಿಕೆಯ ಪದಗಳನ್ನೇ ಅಡ್ಡಗೆರೆಗಳಿಂದ ಅಂದವಾಗಿ ಪೋಣಿಸಿದ್ದು. ಅದರ ಹಳೆಯ ಪ್ರತಿಯೂ ಇಲ್ಲ, ಶೀರ್ಷಿಕೆಯ ಸುಳಿವೂ ಇಲ್ಲ.

ಗುರುವಾರ ಹುಡುಗನು ತೀರ್ಪಿನ ಪ್ರತಿಯನ್ನು ಕೇಳಿದಾಗ, ಟೈಪಿಂಗಿನಲ್ಲಿ ಅಂಕಿ ತಪ್ಪಿರಬಹುದೆಂದು ಕಚೇರಿಯಿಂದ ಹೇಳಿ ಬೇರೊಂದು ಪುಟಸಂಖ್ಯೆಯನ್ನು ಕಳುಹಿಸಿದರು. ಶುಕ್ರವಾರ ಆ ಪುಟವನ್ನೂ ತೆರೆದೆ. ಅಲ್ಲಿ ಮಾರಾಟ ತೆರಿಗೆಯ ತಕರಾರಿತ್ತು. ಮುಂಗಡದ ಹಣ ಬ್ಯಾಂಕಿನಲ್ಲೇ ಉಳಿದಿದೆ, ಆ ಸೋದರಿಯ ಸಹಿಯನ್ನು ಮೊದಲು ತರುವಂತೆ ಮಾರುವವರಿಗೆ ಹೇಳಿಯಾಗಿದೆ. ಹುಡುಗನ ಪರವಾಗಿ ಎರಡು ದಿನ ಗ್ರಂಥಾಲಯದಲ್ಲಿ ಪುಟ ತೆರೆದವನು ನಾನು. ತೆರೆಯದವರು ಪಡೆದ ಶುಲ್ಕವನ್ನು ಸೋಮವಾರದೊಳಗೆ ಹಿಂದಿರುಗಿಸಲಿ.