ಖಾತೆ ಸಂಖ್ಯೆ ಲೆಕ್ಕದ ಅಂಕಿಯಲ್ಲ

ಹೋದ ಸುಗ್ಗಿಯ ನಂತರ ಕಂಪ್ಲಿ, ಹೊಸಪೇಟೆ ಕಡೆಯ ಬೆಳೆಗಾರರಿಗೆ ಹಣ ಪಾವತಿಸುವ ಪಟ್ಟಿಯೊಂದು ನಮ್ಮ ಕೈಸೇರಿತು. ಗುಮಾಸ್ತರು ಅದನ್ನು ಎಕ್ಸೆಲ್ ಹಾಳೆಯಲ್ಲಿ ಸಿದ್ಧಪಡಿಸಿದ್ದರು. ಹೆಸರು, ಊರು, ಮೂಟೆಗಳ ಲೆಕ್ಕ ಎಲ್ಲ ಸರಿಯಾಗಿತ್ತು. ಬ್ಯಾಂಕ್ ಖಾತೆ ಸಂಖ್ಯೆಯ ಅಂಕಣದಲ್ಲಿ ಮಾತ್ರ ಸಾಲುಸಾಲಾಗಿ 1.23457E+15 ಎಂಬಂಥ ಬರಹ. ಪೂರ್ತಿ ಅಂಕಿಗಳು ಕಾಣುವಂತೆ ಮಾಡಿದಾಗ ಹದಿನಾರೂ ಬಂದವು. ಆದರೆ ಕೊನೆಯದು ಪ್ರತಿಯೊಬ್ಬ ಸದಸ್ಯರಿಗೂ ಸೊನ್ನೆ!

ಕಾರಣ ಇಷ್ಟೇ. ಅಂಕಿಗಳನ್ನು ಕಂಡೊಡನೆ ಎಕ್ಸೆಲ್ ಅವನ್ನು ಕೂಡಿ ಕಳೆಯುವ ಮೊತ್ತವೆಂದು ಭಾವಿಸುತ್ತದೆ, ಮತ್ತು ಮೊತ್ತದಲ್ಲಿ ಮೊದಲ ಹದಿನೈದು ಅಂಕಿಗಳನ್ನಷ್ಟೇ ಇಟ್ಟುಕೊಂಡು ಮುಂದಿನವನ್ನು ಸೊನ್ನೆಯಾಗಿಸುತ್ತದೆ. 1234567890123456 ಎಂದು ಬರೆದರೂ 1234567890123458 ಎಂದು ಬರೆದರೂ ಉಳಿಯುವುದು 1234567890123450. ಇಬ್ಬರ ಖಾತೆ ಒಂದಾಯಿತು. ಮೊತ್ತಕ್ಕೆ ಮುಂದಿನ ಸೊನ್ನೆ ಬೇಡವಲ್ಲ, ಹಾಗಾಗಿ ಸೊನ್ನೆಯಿಂದ ಆರಂಭವಾಗುವ ಖಾತೆ ಸಂಖ್ಯೆಯ ತಲೆಯೂ ಹಾರಿಹೋಗುತ್ತದೆ.

ಹನ್ನೆರಡು ಅಂಕಿಯ ಆಧಾರ್ ಸಂಖ್ಯೆಯ ಕಥೆ ಕೊಂಚ ಬೇರೆ. ಹಾಳೆಯಲ್ಲಿ E ಬರಹ ಕಂಡರೂ ಒಳಗೆ ಅಂಕಿಗಳು ಕ್ಷೇಮವಾಗಿರುತ್ತವೆ. ಆದರೆ ಅದೇ ಸ್ಥಿತಿಯಲ್ಲಿ CSV ಕಡತವಾಗಿ ಉಳಿಸಿದರೆ ಪರದೆಯ ಮೇಲೆ ಕಂಡದ್ದೇ ಕಡತಕ್ಕೆ ಇಳಿಯುತ್ತದೆ. ಮರಳಿ ತೆರೆದಾಗ ಮೊದಲ ಆರು ಅಂಕಿ, ಮುಂದೆ ಆರು ಸೊನ್ನೆ. ದೂರವಾಣಿ ಸಂಖ್ಯೆಗೆ ಹಿಂದೆ 91 ಸೇರಿಸಿದರೂ ಇದೇ ಗತಿ.

ಇದು ಗುಮಾಸ್ತರ ತಲೆನೋವು, ನಮಗೇನು ಎಂದು ಸದಸ್ಯರು ಸುಮ್ಮನಿರಲಾಗದು. ವಿದ್ಯುನ್ಮಾನ ವರ್ಗಾವಣೆಯಲ್ಲಿ ಖಾತೆ ಸಂಖ್ಯೆಯೊಂದನ್ನೇ ಆಧರಿಸಿ ಹಣ ಜಮಾ ಆಗುತ್ತದೆ, ಹೆಸರನ್ನು ನೋಡುವುದಿಲ್ಲ ಎಂದು ರಿಸರ್ವ್ ಬ್ಯಾಂಕ್ 2010ರಲ್ಲೇ ತಿಳಿಸಿದೆ. ಅಂಥ ಖಾತೆಯೇ ಇಲ್ಲದಿದ್ದರೆ ಹಣ ಹಿಂದಿರುಗೀತು. ಬೇರೆ ಯಾರದೋ ಖಾತೆ ಇದ್ದರೆ? ಆಗಲೂ "ನೀವು ಕೊಟ್ಟ ನಂಬರೇ ತಪ್ಪು" ಎಂಬ ಮಾತು ಬಡ ಬೆಳೆಗಾರನಿಗೇ. ಇದು ಅನ್ಯಾಯವೆಂಬುದು ನಮ್ಮ ಸ್ಪಷ್ಟ ಅಭಿಪ್ರಾಯ.

ಪರಿಹಾರ ಕಷ್ಟದ್ದಲ್ಲ. ಸಂಖ್ಯೆ ಬರೆಯುವುದಕ್ಕೆ ಮೊದಲೇ ಇಡೀ ಅಂಕಣವನ್ನು ಆರಿಸಿ Format Cells ನಲ್ಲಿ Text ಮಾಡಬೇಕು. ಬರೆದ ಮೇಲೆ ಮಾಡಿದರೆ ಹೋದ ಅಂಕಿ ಬಾರದು. ಬೇರೆಡೆಯಿಂದ ಬಂದ CSV ಕಡತವನ್ನು ನೇರವಾಗಿ ತೆರೆಯದೆ, Data ಪಟ್ಟಿಯ From Text/CSV ಮೂಲಕ ತಂದು, ಆ ಅಂಕಣವನ್ನು Text ಎಂದು ಗುರುತಿಸಬೇಕು. ಅನುಮಾನವಿದ್ದರೆ ಪಕ್ಕದ ಮನೆಯಲ್ಲಿ ಹೀಗೆ ಬರೆದು ನೋಡಬಹುದು:

```
=ISTEXT(B2)
```

FALSE ಎಂದು ಬಂದರೆ ಎಕ್ಸೆಲ್ ಅದನ್ನು ಮೊತ್ತವೆಂದೇ ಹಿಡಿದಿದೆ. TRUE ಬಂದರೂ ಅಂಕಿ ಮೊದಲೇ ಹೋಗಿಲ್ಲವೆಂಬ ಭರವಸೆಯಿಲ್ಲ. ಎಲ್ಲರ ಕೊನೆಯ ಅಂಕಿ ಸೊನ್ನೆಯೇ ಎಂದು ಕಣ್ಣಾಡಿಸಬೇಕು.

ನಾವು ಕಂಡ ಆ ಪಟ್ಟಿ ಹೀಗೆ ಸರಿಹೋಗಲಿಲ್ಲ. ಒಬ್ಬೊಬ್ಬರ ಪಾಸ್‌ಬುಕ್ ತರಿಸಿ ಮೊದಲಿಂದ ಬರೆಯಬೇಕಾಯಿತು. ಮುಂದಿನ ಪಾವತಿಗೆ ಮುನ್ನ ಪ್ರತಿ ಸಂಘವೂ ಪಟ್ಟಿಯ ಪ್ರತಿಯನ್ನು ಕಚೇರಿಯಲ್ಲಿಟ್ಟು, ತಂತಮ್ಮ ಸಾಲನ್ನು ಪಾಸ್‌ಬುಕ್ಕಿನೊಂದಿಗೆ ತಾಳೆ ನೋಡಲು ಸದಸ್ಯರಿಗೆ ಅವಕಾಶ ಕೊಡಬೇಕೆಂದು ಆಡಳಿತ ಮಂಡಳಿಗಳನ್ನು ಒತ್ತಾಯಿಸುತ್ತೇವೆ.