ಸಾವಿನ ಹಾಸಿಗೆಯ ಬಕ್ಷೀಸು ಮತ್ತು ಉಳಿದ ವಾರಸುದಾರರ ಹಕ್ಕು

ತಂದೆ ಹಾಸಿಗೆ ಹಿಡಿದಿದ್ದಾನೆ. ದೊಡ್ಡ ಆಸ್ಪತ್ರೆಯವರು ಇನ್ನು ಮನೆಗೆ ಕರೆದುಕೊಂಡು ಹೋಗಿರಿ ಎಂದು ಹೇಳಿ ಕಳಿಸಿದ್ದಾರೆ. ಅಂಥ ಹೊತ್ತಿನಲ್ಲಿ ಮಕ್ಕಳಲ್ಲೊಬ್ಬನು ಬಕ್ಷೀಸ್ ಪತ್ರ ಬರೆಯಿಸಿ ತಂದು, ಮನೆ ಮಗ್ಗ ಎಲ್ಲವೂ ತನಗೇ ಸೇರುವಂತೆ ತಂದೆಯ ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಾನೆ. ತಂದೆ ತೀರಿದ ಮೇಲೆ ಅಕ್ಕತಂಗಿಯರು ತಮ್ಮ ಪಾಲು ಕೇಳಲು ಬಂದರೆ, “ಅಪ್ಪ ತಾನೇ ಕೊಟ್ಟು ಹೋಗಿದ್ದಾನೆ, ರಜಿಸ್ಟರೂ ಆಗಿದೆ, ನಿಮ್ಮದೇನೂ ಉಳಿದಿಲ್ಲ” ಎಂಬ ಉತ್ತರ ಸಿಗುತ್ತದೆ. ಓದು ಬಾರದ ತಾಯಿ, ಕೊಟ್ಟ ಮನೆಯಲ್ಲಿರುವ ಹೆಣ್ಣುಮಕ್ಕಳು ಸರಕಾರದ ಮುದ್ರೆ ಕಂಡು ಸುಮ್ಮನಾಗಿ ಬಿಡುತ್ತಾರೆ. ಹಾಗೆ ಸುಮ್ಮನಾಗಬೇಕಾದ ಕಾರಣವಿಲ್ಲವೆಂದು ಹೇಳುವುದಕ್ಕಾಗಿಯೇ ಈ ವಾರ ಈ ವಿಷಯವನ್ನು ಎತ್ತಿಕೊಂಡಿದ್ದೇವೆ.

ಮುಸಲ್ಮಾನರ ಕಾಯದೆಯಲ್ಲಿ ದಾನಕ್ಕೆ ಹಿಬಾ ಎನ್ನುತ್ತಾರೆ. ಆರೋಗ್ಯದಿಂದಿರುವ ಮನುಷ್ಯನು ತನ್ನ ಆಸ್ತಿಯನ್ನೆಲ್ಲ ಒಬ್ಬನಿಗೇ ಹಿಬಾ ಮಾಡಿದರೂ ಕೋರ್ಟು ತಡೆಯುವುದಿಲ್ಲ. ಆದರೆ ಮರ್ಜುಲ್ ಮೌತ್, ಅಂದರೆ ಸಾವಿನಲ್ಲಿಯೇ ಕೊನೆಗೊಂಡ ಬೇನೆಯಲ್ಲಿ, ಸಾಯುತ್ತೇನೆಂಬ ಅಂಜಿಕೆಯಲ್ಲಿ ಮಾಡಿದ ದಾನವನ್ನು ಕಾಯದೆಯು ಮೃತ್ಯುಪತ್ರದಂತೆ ನೋಡುತ್ತದೆ. ಮೃತ್ಯುಪತ್ರಕ್ಕೆ ಎರಡು ಕಟ್ಟುಗಳಿವೆ. ಹೊರಗಿನವರಿಗೆ ಕೊಡುವುದಾದರೆ, ಮಣ್ಣಿನ ಖರ್ಚು ಮತ್ತು ಸಾಲ ತೀರಿಸಿ ಉಳಿದದ್ದರಲ್ಲಿ ಮೂರರಲ್ಲೊಂದು ಪಾಲು ಮಾತ್ರ ಕೊಡಬಹುದು. ವಾರಸುದಾರನಿಗೇ ಕೊಡುವುದಾದರೆ, ಉಳಿದ ವಾರಸುದಾರರು ಒಪ್ಪದ ಹೊರತು ಕವಡೆಯಷ್ಟೂ ನಡೆಯುವುದಿಲ್ಲ. ಮಗನು ವಾರಸುದಾರನು. ಆದ್ದರಿಂದ ಅವನು “ಕನಿಷ್ಠ ಮೂರರಲ್ಲೊಂದಾದರೂ ನನಗೆ ಸಲ್ಲಬೇಕು” ಎಂದು ಕೇಳುವಂತೆಯೂ ಇಲ್ಲ. ಇದು ನಮ್ಮ ಭಾಗದ ಹೆಚ್ಚಿನ ಮುಸಲ್ಮಾನರು ಅನುಸರಿಸುವ ಹನಫಿ ಪಂಥದ ನಿಯಮ. ಶಿಯಾ ಪಂಥದಲ್ಲಿ ಮಾತ್ರ ಮೂರರಲ್ಲೊಂದರ ಮಿತಿಯೊಳಗೆ ವಾರಸುದಾರನಿಗೂ ಕೊಡಬಹುದು.

ಈ ಕಟ್ಟು ಯಾರೋ ವಕೀಲರು ಹುಡುಕಿ ತೆಗೆದದ್ದಲ್ಲ. ಸಾದ್ ಇಬ್ನ್ ಅಬೀ ವಕ್ಕಾಸ್ ಎಂಬ ಅನುಯಾಯಿಯು ಮಕ್ಕಾದಲ್ಲಿ ಬೇನೆ ಬಿದ್ದಾಗ ತನ್ನ ಆಸ್ತಿಯ ಬಹುಪಾಲನ್ನು ದಾನ ಮಾಡಬಯಸಿದನು, ಪೈಗಂಬರರು ಒಪ್ಪಲಿಲ್ಲ, ಅರ್ಧಕ್ಕೂ ಒಪ್ಪಲಿಲ್ಲ, ಮೂರರಲ್ಲೊಂದು ಸಾಕು, ಅದೂ ಹೆಚ್ಚೇ ಎಂದರು ಎಂಬುದು ಹದೀಸಿನಲ್ಲಿ ಬಂದಿದೆ. ಹಿಂದೆ ಉಳಿಯುವ ಮಕ್ಕಳು ಪರರ ಮುಂದೆ ಕೈಯೊಡ್ಡಬಾರದೆಂಬುದೇ ಅದರ ಕಾರಣ.

ಲೆಕ್ಕವನ್ನು ಒಂದು ಸಂಸಾರದ ಮೇಲೆ ಹಾಕಿ ನೋಡೋಣ. ಬನಹಟ್ಟಿಯಲ್ಲಿ ಒಬ್ಬ ನೇಕಾರನಿದ್ದಾನೆಂದು ಕಲ್ಪಿಸಿಕೊಳ್ಳಿರಿ. ಒಂದು ಮನೆ, ನಾಲ್ಕು ಪಾವರ್‌ಲೂಮು, ಸಾಲ ಕಳೆದು ಒಟ್ಟು 24 ಲಕ್ಷ ರೂಪಾಯಿಯ ಆಸ್ತಿ. ಹೆಂಡತಿ, ಇಬ್ಬರು ಗಂಡುಮಕ್ಕಳು, ಮೂವರು ಹೆಣ್ಣುಮಕ್ಕಳು. ಹೆಂಡತಿಗೆ ಎಂಟರಲ್ಲೊಂದು, ಅಂದರೆ 3 ಲಕ್ಷ. ಉಳಿದ 21 ಲಕ್ಷದಲ್ಲಿ ಗಂಡುಮಗನಿಗೆ ಎರಡು ಪಾಲು, ಹೆಣ್ಣುಮಗಳಿಗೆ ಒಂದು ಪಾಲು. ಹೀಗೆ ಏಳು ಪಾಲಾಗಿ, ಪ್ರತಿ ಮಗಳಿಗೆ 3 ಲಕ್ಷ, ಪ್ರತಿ ಮಗನಿಗೆ 6 ಲಕ್ಷ. ಈಗ ಕಿರಿಯ ಮಗನು ತಂದೆಯ ಕೊನೆಯ ಹತ್ತು ದಿನಗಳಲ್ಲಿ ಎಲ್ಲವನ್ನೂ ಬಕ್ಷೀಸು ಬರೆಯಿಸಿಕೊಂಡನೆನ್ನಿರಿ. ಅದು ಮರಣದ ಬೇನೆಯ ದಾನವೆಂದು ಸಿದ್ಧವಾದರೆ, ಯಾರೂ ಒಪ್ಪದಿದ್ದಾಗ ಅವನಿಗೆ ತನ್ನ 6 ಲಕ್ಷವೇ ಗತಿ. ಅಣ್ಣನೊಬ್ಬನು ಒಪ್ಪಿದರೆ ಅಣ್ಣನ 6 ಲಕ್ಷ ಅವನಿಗೆ ಸೇರೀತು. ತಾಯಿಯದೂ ಅಕ್ಕತಂಗಿಯರದೂ ಸೇರಿ 12 ಲಕ್ಷವನ್ನು ಅವನು ಮುಟ್ಟುವಂತಿಲ್ಲ. ಒಬ್ಬರ ಒಪ್ಪಿಗೆ ಇನ್ನೊಬ್ಬರನ್ನು ಕಟ್ಟುವುದಿಲ್ಲ.

ಒಪ್ಪಿಗೆಯ ವಿಷಯದಲ್ಲಿ ಒಂದು ಎಚ್ಚರಿಕೆ ಅವಶ್ಯ. ಒಪ್ಪಿಗೆ ತಂದೆಯ ಮರಣದ ನಂತರ ಕೊಟ್ಟದ್ದಾಗಿರಬೇಕು. ತಂದೆ ಜೀವಂತವಿರುವಾಗ ಮಕ್ಕಳಿಗೆ ಆಸ್ತಿಯಲ್ಲಿ ಹಕ್ಕೇ ಹುಟ್ಟಿರುವುದಿಲ್ಲ. ಇಲ್ಲದ ಹಕ್ಕನ್ನು ಬಿಟ್ಟುಕೊಡುವುದೆಂತು? ಆದ್ದರಿಂದ ಆಗ ಹಾಕಿಸಿಕೊಂಡ ಸಹಿಗೆ ಬೆಲೆಯಿಲ್ಲ. ಆದರೆ ಹಣ ತೆಗೆದುಕೊಂಡು ಮುಂದಿನ ಪಾಲು ಬೇಡವೆಂದು ಬರೆದುಕೊಟ್ಟವರು ಆ ಮೇಲೆ ಮಾತು ತಿರುಗಿಸಲಾರರೆಂದು ಸುಪ್ರೀಂ ಕೋರ್ಟು ಗುಲಾಂ ಅಬ್ಬಾಸ್ ಮೊಕದ್ದಮೆಯಲ್ಲಿ ಹೇಳಿದೆ. ಇನ್ನು, ಮಣ್ಣಾದ ನಾಲ್ಕು ದಿನಕ್ಕೇ, ದುಃಖ ಆರುವ ಮೊದಲೇ, “ಉತಾರದಲ್ಲಿ ಹೆಸರು ಹಚ್ಚಲು ಬೇಕು” ಎಂದು ತಂದ ಕಾಗದದ ಮೇಲೆ ಓದಿಸಿ ಕೇಳದೆ ಸಹಿ ಮಾಡಕೂಡದು. ಅದೇ ಒಪ್ಪಿಗೆ ಪತ್ರವಾಗಿ ಕೋರ್ಟಿಗೆ ಬರುತ್ತದೆ.

ಹಾಗಾದರೆ ಯಾವುದು ಮರಣದ ಬೇನೆ? ಎಲ್ಲ ಮೊಕದ್ದಮೆಗಳೂ ತಿರುಗುವ ಗೂಟ ಇದೇ. ಮುಂಬಯಿ ಹೈಕೋರ್ಟು 1907ರಲ್ಲಿ ರಶೀದ್ ಕರ್ಮಲ್ಲಿ ಮತ್ತು ಶೇರ್‌ಬಾನೂ ಇವರ ಮೊಕದ್ದಮೆಯಲ್ಲಿ ಮೂರು ಗುರುತು ಹೇಳಿತು: ಬೇನೆ ಇರಬೇಕು, ಇದರಲ್ಲಿ ಸಾಯುತ್ತೇನೆಂಬ ಎಣಿಕೆ ಇರಬೇಕು, ಮತ್ತು ಬೇನೆಯ ಬಲವನ್ನು ತೋರಿಸುವ ದೇಹದ ಅಶಕ್ತಿ ಕಾಣಬೇಕು. ಕೆಲಸಕ್ಕೆ ಏಳಲಾರದ್ದು, ನಿಂತು ನಮಾಜು ಮಾಡಲಾರದ್ದು, ಇವು ಹಳೆಯ ಗ್ರಂಥಗಳು ಕೊಡುವ ಉದಾಹರಣೆಗಳು. ಇದರ ಮೇಲೆ, ಅದೇ ಬೇನೆಯಲ್ಲಿ ಸಾವು ಬಂದಿರಬೇಕು; ವಾಸಿಯಾಗಿ ಎದ್ದರೆ ದಾನ ನಿಲ್ಲುತ್ತದೆ.

ಬರಿಯ ಮುಪ್ಪು ಸಾಲದು. ವಯಸ್ಸಾದವನಿಗೆ ಸಾವಿನ ನೆನಪು ಸಹಜವೇ. ಬೇನೆಯಿಂದ ಹುಟ್ಟಿದ ಅಂಜಿಕೆ ಬೇರೆ ಎಂದು ಪ್ರಿವಿ ಕೌನ್ಸಿಲು ಅದೇ 1907ರಲ್ಲಿ ರಂಗೂನಿನಿಂದ ಬಂದ ಮೊಕದ್ದಮೆಯಲ್ಲಿ ಬೇರ್ಪಡಿಸಿತು. ಹಳೆಯ ಬೇನೆಯೂ ಸಾಲದು. ದಮ್ಮು, ಪಾರ್ಶ್ವವಾಯು, ಕ್ಷಯ ಇಂಥವು ವರ್ಷಕ್ಕೆ ಮಿಕ್ಕಿ ನಡೆದು, ರೋಗಿ ಅದಕ್ಕೆ ಒಗ್ಗಿಕೊಂಡಿದ್ದರೆ, ಅದನ್ನು ಸಾಮಾನ್ಯವಾಗಿ ಮರಣದ ಬೇನೆ ಎನ್ನುವುದಿಲ್ಲ. ಅದೇ ಬೇನೆ ಒಮ್ಮೆಲೆ ಉಲ್ಬಣಿಸಿ ಸಾವಿನ ಅಂಜಿಕೆ ಹುಟ್ಟಿಸಿದರೆ, ಆ ಹೊತ್ತಿನಿಂದ ಮುಂದಿನದು ಮರಣದ ಬೇನೆಯಾದೀತು.

ದಾನವೇ ಗೆದ್ದ ಮೊಕದ್ದಮೆಯೊಂದನ್ನೂ ನೋಡುವುದು ನ್ಯಾಯ. ಆಂಧ್ರದ ತಂದೆಯೊಬ್ಬನು 1968ರ ಫೆಬ್ರವರಿಯಲ್ಲಿ ಸಾದಾ ಕಾಗದದ ಮೇಲೆ ಒಬ್ಬ ಮಗನಿಗೆ ಹಿಬಾ ಬರೆದುಕೊಟ್ಟು, ಅದೇ ವರ್ಷ ಡಿಸೆಂಬರಿನಲ್ಲಿ ತೀರಿಕೊಂಡನು. ಉಳಿದವರು ಪಾಲಿಗೆ ದಾವೆ ಹೂಡಿದರು. ರಜಿಸ್ಟರ್ ಆಗದ ಪತ್ರ ನಡೆಯದೆಂದು ಹೈಕೋರ್ಟು ಹೇಳಿತು. ಆದರೆ ಹಫೀಜಾ ಬೀಬಿ ಮತ್ತು ಶೇಖ್ ಫರೀದ್ ಇವರ ಈ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2011ರಲ್ಲಿ ಆ ತೀರ್ಪನ್ನು ತಿರುಗಿಸಿತು. ಕೊಡುತ್ತೇನೆಂಬ ಮಾತು, ತೆಗೆದುಕೊಳ್ಳುವವನ ಸ್ವೀಕಾರ, ಸ್ವಾಧೀನ ಕೊಟ್ಟದ್ದು, ಈ ಮೂರು ಇದ್ದರೆ ಹಿಬಾ ಪೂರ್ಣವಾಗುತ್ತದೆ, ರಜಿಸ್ಟರ್ ಬೇಕಿಲ್ಲ ಎಂದಿತು. ತಾತ್ಪರ್ಯವಿಷ್ಟು: ಹಿಬಾದ ಜೀವ ಕಾಗದದಲ್ಲಿಲ್ಲ. ಆದ್ದರಿಂದ ಕಾಗದವಿಲ್ಲವೆಂದು ಹಿಬಾ ಸಾಯುವುದಿಲ್ಲ. ಕಾಗದವಿದೆಯೆಂದು ಸತ್ತ ಹಿಬಾ ಬದುಕುವುದೂ ಇಲ್ಲ. ನಮ್ಮ ಕರ್ನಾಟಕದಿಂದಲೇ ಹೋದ ಮನ್ಸೂರ್ ಸಾಹೇಬ್ ಮೊಕದ್ದಮೆಯಲ್ಲಿ, 2024ರ ಡಿಸೆಂಬರಿನಲ್ಲಿ, ದಾಖಲೆಯಲ್ಲಿ ಹೆಸರು ಬದಲಾದ ಮಾತ್ರಕ್ಕೆ ಮಾಲಕಿ ಬರುವುದಿಲ್ಲವೆಂದು ಅದೇ ಕೋರ್ಟು ಹೇಳಿ, ಸಿದ್ಧವಾಗದ ದಾನವನ್ನು ತಳ್ಳಿಹಾಕಿದೆ. ಉತಾರ ತೋರಿಸಿ ಹೆದರಿಸುವವರಿಗೆ ಇದು ಸಾಕಾದ ಉತ್ತರ.

ಬನಹಟ್ಟಿಯ ನಮ್ಮ ಕಲ್ಪನೆಯ ಸಂಸಾರಕ್ಕೆ ಮರಳೋಣ. ಅಕ್ಕತಂಗಿಯರು ಏನು ಮಾಡಬೇಕು? ಬಕ್ಷೀಸ್ ಪತ್ರದ ನಕಲನ್ನು ಸಬ್ ರಜಿಸ್ಟ್ರಾರ್ ಕಚೇರಿಯಿಂದ ಮೊದಲು ಪಡೆಯಬೇಕು. ಅದರ ತಾರೀಖು, ಮರಣದ ದಾಖಲೆಯ ತಾರೀಖು, ಆಸ್ಪತ್ರೆಯಿಂದ ಬಿಟ್ಟ ತಾರೀಖು, ಈ ಮೂರನ್ನು ಸಾಲಾಗಿ ಇಟ್ಟರೆ ಅರ್ಧ ಕಥೆ ತಾನೇ ಹೊರಬೀಳುತ್ತದೆ. ಬದುಕೆಲ್ಲ ಸಹಿ ಮಾಡುತ್ತಿದ್ದ ತಂದೆ ಇಲ್ಲಿ ಹೆಬ್ಬೆಟ್ಟು ಒತ್ತಿದ್ದಾನೆಯೇ? ಅಧಿಕಾರಿಯೇ ಮನೆಗೆ ಬಂದು ರಜಿಸ್ಟರ್ ಮಾಡಿದನೇ? ಕಚೇರಿಗೆ ಬರಲಾರದಷ್ಟು ಅಶಕ್ತನೆಂದು ಬರೆದು ಅಧಿಕಾರಿಯನ್ನು ಮನೆಗೆ ಕರೆಸಿದ್ದರೆ, ಕಿರಿಯ ಮಗನು ತನ್ನ ಬಲವೆಂದುಕೊಂಡ ಆ ರಜಿಸ್ಟರೇ ತಂದೆಯ ಅಶಕ್ತಿಗೆ ಸಾಕ್ಷಿಯಾಗುತ್ತದೆ. ಮಗ್ಗದ ಮಜೂರಿಯ ಪುಸ್ತಕದಲ್ಲಿ ತಂದೆಯ ಕೈಬರಹ ಯಾವ ವಾರಕ್ಕೆ ನಿಂತಿತೆಂಬುದನ್ನೂ ನೋಡಬೇಕು. ಮರಣದ ಬೇನೆಯೆಂದು ಹೇಳುವವರೇ ಅದನ್ನು ಸಿದ್ಧಮಾಡಬೇಕಾದ್ದರಿಂದ ಇವೆಲ್ಲ ಕಳೆದುಹೋಗುವ ಮೊದಲೇ ಕೈಗೆ ಬರಬೇಕು.

ಆ ಬಳಿಕ ಹೆಸರು ಬದಲಾವಣೆಗೆ ತಕರಾರು ಕೊಟ್ಟು, ಪಾಲಿಗಾಗಿ ದಿವಾಣಿ ಕೋರ್ಟಿನಲ್ಲಿ ದಾವೆ ಹೂಡಬೇಕು. ಪತ್ರದ ಸುದ್ದಿ ತಿಳಿದ ಮೂರು ವರ್ಷದೊಳಗೆ ಹೂಡುವುದು ಕ್ಷೇಮ. ವಕೀಲರ ಖರ್ಚಿಗೆ ಅಂಜಬೇಕಾಗಿಲ್ಲ. 1987ರ ಕಾನೂನು ಸೇವೆಗಳ ಕಾಯದೆಯಂತೆ ಹೆಣ್ಣುಮಕ್ಕಳಿಗೆ, ಅವರ ವರಮಾನ ಎಷ್ಟೇ ಇರಲಿ, ಪುಕ್ಕಟೆ ವಕೀಲರನ್ನು ಕೊಡಬೇಕು. ತಾಲೂಕಿನ ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಟ್ಟರಾಯಿತು. ಆಸ್ತಿಯಲ್ಲಿ ಹೊಲವಿದ್ದರೆ ಒಂದು ತೊಡಕು ಬರಬಹುದು. 1937ರ ಷರಿಯತ್ ಕಾಯದೆಯು ಸಾಗುವಳಿ ಜಮೀನನ್ನು ಹೊರಗಿಟ್ಟಿದೆ. “ನಮ್ಮ ಮನೆತನದ ವಾಡಿಕೆ ಬೇರೆ” ಎಂಬ ವಾದ ಅಲ್ಲಿಂದ ಹುಟ್ಟುತ್ತದೆ. ಆ ವಾಡಿಕೆಯನ್ನು ಸಿದ್ಧಮಾಡುವ ಭಾರ ಹಾಗೆ ಹೇಳುವವನ ಮೇಲೆಯೇ ಇರುತ್ತದೆ.

“ಅಪ್ಪನನ್ನು ನೋಡಿಕೊಂಡವನು ನಾನು, ಮಲಮೂತ್ರ ಬಳಿದವಳು ನನ್ನ ಹೆಂಡತಿ” ಎಂದು ಕಿರಿಯ ಮಗನು ಕೇಳಿದರೆ ಆ ಮಾತನ್ನು ನಾವು ಹಗುರಾಗಿ ತೆಗೆದುಕೊಳ್ಳುವುದಿಲ್ಲ. ಆದರೆ ಆ ಋಣವನ್ನು ತೀರಿಸಲು ತಂದೆಗೆ ಆರೋಗ್ಯದ ದಿನಗಳಿದ್ದವು. ಎಲ್ಲರೆದುರು ಮಾತಾಡಿ, ಸ್ವಾಧೀನ ಬಿಟ್ಟುಕೊಟ್ಟು ದಾನ ಮಾಡಬಹುದಿತ್ತು. ತಂದೆ ತೀರಿದ ಮೇಲೂ ಕಿರಿಯನು ಅಕ್ಕತಂಗಿಯರನ್ನು ಕೂಡಿಸಿ ಕೇಳಬಹುದು. ಕೇಳಿದರೆ ಬಿಟ್ಟುಕೊಡುವವರೂ ಇದ್ದಾರೆ. ಕೇಳದೆ ಕಸಿದುಕೊಳ್ಳುವುದಕ್ಕೆ ಮಾತ್ರ ಕಾಯದೆಯ ಬೆಂಬಲವಿಲ್ಲ. ತಂದೆಗಿಂತ ಮೊದಲೇ ತೀರಿದ ಮಗನ ಅನಾಥ ಮಕ್ಕಳು ಮನೆಯಲ್ಲಿದ್ದರೆ, ಬೇರೆ ಗಂಡುಮಕ್ಕಳು ಜೀವಂತವಿರುವಾಗ ಅವರಿಗೆ ಪಾಲು ಬರುವುದಿಲ್ಲ. ಆ ಮೂರರಲ್ಲೊಂದನ್ನು ಕೊಡಲು ಯೋಗ್ಯರು ಅಂಥವರು. ಅವರಿಗೆ ಕೊಟ್ಟರೆ ಸಾವಿನ ಹಾಸಿಗೆಯಲ್ಲಿಯೂ ನಡೆಯುತ್ತದೆ, ಯಾರ ಒಪ್ಪಿಗೆಯೂ ಬೇಡ.

ಸಾಯುವವನ ಹೆಬ್ಬೆರಳನ್ನು ಯಾರು ಬೇಕಾದರೂ ಎತ್ತಿ ಒತ್ತಬಹುದು. ಆ ಗುರುತಿನಿಂದ ತಾಯಿಯ ಎಂಟರಲ್ಲೊಂದಾಗಲಿ, ಹೆಣ್ಣುಮಗಳ ಒಂದು ಪಾಲಾಗಲಿ ಅಳಿಸಿಹೋಗುವುದಿಲ್ಲ. ಇದನ್ನು ಓದಿದವರು, ಓದು ಬಾರದ ನೆರೆಮನೆಯ ತಾಯಿಗೆ ಓದಿ ಹೇಳಬೇಕು.