ಭೂಫಲಕಗಳ ಪಾಠವೂ ‘ಆದುದರಿಂದ’ ಎಂಬ ಪದವೂ

ಪರೀಕ್ಷೆ ಸಮೀಪಿಸಿದೊಡನೆ ವಿದ್ಯಾರ್ಥಿಗಳು ದೀರ್ಘವಾದ ಪಾಠಗಳನ್ನು ಸಂಕ್ಷೇಪಿಸಲು ತೊಡಗುತ್ತಾರೆ. ಭೂಫಲಕಗಳ ಚಲನೆಯನ್ನು ಕುರಿತ ಅಧ್ಯಾಯಕ್ಕೆ ಬರೆದುಕೊಂಡ ಇಂಥ ಅನೇಕ ಟಿಪ್ಪಣಿಗಳನ್ನು ನಾವು ನೋಡಿದ್ದೇವೆ. ಫಲಕಗಳ ಹೆಸರುಗಳು, ಅಂಚುಗಳ ಮೂರು ವಿಧಗಳು, ಒಂದೊಂದಕ್ಕೂ ಒಂದು ಉದಾಹರಣೆ, ಇವೆಲ್ಲವೂ ಅವುಗಳಲ್ಲಿ ಉಂಟು. ಇಲ್ಲದಿರುವುದು ಒಂದೇ: ಒಂದು ಸಂಗತಿಯಿಂದ ಇನ್ನೊಂದು ಹೇಗೆ ಹುಟ್ಟಿತೆಂಬುದು. ಕಬ್ಬನ್ನು ಹಿಂಡಿ ರಸವನ್ನು ಚೆಲ್ಲಿ ಸಿಪ್ಪೆಯನ್ನು ಜೋಪಾನ ಮಾಡಿದಂತಾಯಿತು.

ಒಂದು ಟಿಪ್ಪಣಿಯಲ್ಲಿ ‘ಫಲಕಗಳು ಸಂಧಿಸುವಲ್ಲಿ ಜ್ವಾಲಾಮುಖಿಗಳು’ ಎಂದಿತ್ತು. ಅದರ ಕೆಳಗೆಯೇ ‘ಫಲಕಗಳು ಸಂಧಿಸುವಲ್ಲಿ ಹಿಮಾಲಯ’ ಎಂದೂ ಇತ್ತು. ಹಾಗಾದರೆ ಹಿಮಾಲಯದಲ್ಲಿ ಜ್ವಾಲಾಮುಖಿಗಳ ಸಾಲು ಏಕಿಲ್ಲ? ಟಿಪ್ಪಣಿ ಮೌನವಾಗಿತ್ತು.

ನಮ್ಮ ಅಭಿಪ್ರಾಯದಲ್ಲಿ ಈ ಅಧ್ಯಾಯದ ಸಾರವು ಅರ್ಧ ಪುಟದಲ್ಲಿ ಅಡಗತಕ್ಕದ್ದು. ಆದರೆ ಆ ಅರ್ಧ ಪುಟದ ಪ್ರತಿಯೊಂದು ವಾಕ್ಯವೂ ಹಿಂದಿನದಕ್ಕೆ ‘ಆದುದರಿಂದ’ ಎಂಬ ಕೊಂಡಿಯಿಂದ ಸೇರಿರಬೇಕು. ಪಠ್ಯಪುಸ್ತಕವು 1912ರ ವೆಗೆನರನ ವಾದದಿಂದ ಆರಂಭಿಸುವುದು ವಾಡಿಕೆ. ಇತಿಹಾಸಕ್ಕೆ ಅದು ಸರಿ. ಕಾರಣಗಳ ಸರಪಳಿಯಾದರೋ ತಣಿಯುತ್ತಿರುವ ಒಂದು ಕಲ್ಲಿನಿಂದ ಆರಂಭವಾಗುತ್ತದೆ.

ಸಾಗರಮಧ್ಯದ ಏಣುಗಳಲ್ಲಿ ಶಿಲಾರಸವು ಮೇಲೆದ್ದು ಹೊಸ ಸಾಗರತಳವಾಗುತ್ತದೆ. ಬಿಸಿಯಾದ ಆ ತಳದ ಬಿರುಕುಗಳಲ್ಲಿ ಸಮುದ್ರದ ನೀರು ಇಳಿಯುತ್ತದೆ. ಆದುದರಿಂದ ಖನಿಜಗಳ ರಚನೆಯೊಳಗೇ ನೀರು ಸೇರಿಕೊಳ್ಳುತ್ತದೆ. ಏಣಿನಿಂದ ದೂರ ಸರಿದಂತೆಲ್ಲ ಫಲಕವು ತಣಿದು ದಪ್ಪವಾಗುತ್ತದೆ. ಆದುದರಿಂದ ಅದರ ಸಾಂದ್ರತೆ ಹೆಚ್ಚಿ, ಕೊನೆಗೆ ತನ್ನ ಕೆಳಗಿರುವ ಬಿಸಿಶಿಲೆಯನ್ನೂ ಮೀರುತ್ತದೆ. ಆದುದರಿಂದ ಅದು ಬೇರೊಂದು ಫಲಕದ ಕೆಳಗೆ ಬಾಗಿ ಮುಳುಗುತ್ತದೆ. ಮುಳುಗುವ ಭಾಗವು ತನ್ನ ಭಾರದಿಂದ ಹಿಂದಿನ ಫಲಕವನ್ನು ಎಳೆಯುತ್ತದೆ. ಫಲಕಗಳನ್ನು ಚಲಿಸುವ ಬಲಗಳಲ್ಲಿ ಈ ಎಳೆತವೇ ಪ್ರಧಾನವೆಂದು ಈಗ ತಿಳಿದಿದ್ದರೂ, ಕೆಳಗಿನ ಪ್ರವಾಹಗಳು ಫಲಕಗಳನ್ನು ಹೊತ್ತು ಸಾಗಿಸುತ್ತವೆ ಎಂದಷ್ಟೇ ಹೇಳಿ ಮುಗಿಸುವ ಟಿಪ್ಪಣಿಗಳೇ ಹೆಚ್ಚು.

ಮುಂದಿನ ಕೊಂಡಿಯಲ್ಲಿಯೇ ಬಹುಮಂದಿ ಎಡವುವುದು. ‘ಫಲಕಗಳು ಉಜ್ಜುತ್ತವೆ, ಆದುದರಿಂದ ಶಾಖ ಹುಟ್ಟಿ ಶಿಲೆ ಕರಗುತ್ತದೆ’ ಎಂದು ಬರೆದುಬಿಡುತ್ತಾರೆ. ಕೇಳಲು ಸೊಗಸಾಗಿದೆ, ಆದರೆ ಕೊಂಡಿ ಸುಳ್ಳು. ಇದನ್ನು ಕಂಡುಹಿಡಿಯುವ ಬಗೆ ಸುಲಭ: ಈ ಕಾರಣವು ನಿಜವಾದರೆ ಇನ್ನೆಲ್ಲಿ ಅದೇ ಕಾರ್ಯ ನಡೆಯಬೇಕಾಗಿತ್ತೆಂದು ಕೇಳಬೇಕು. ಉಜ್ಜುವಿಕೆಯೊಂದೇ ಸಾಲುವುದಾದರೆ ಹಿಮಾಲಯದುದ್ದಕ್ಕೂ ಬೆಂಕಿಯ ಬೆಟ್ಟಗಳಿರಬೇಕಾಗಿತ್ತು. ಅಲ್ಲದೆ ಮುಳುಗುವ ಫಲಕವು ಸುತ್ತಲಿನ ಶಿಲೆಗಿಂತ ತಣ್ಣಗಿರುತ್ತದೆ. ತಣ್ಣನೆಯ ವಸ್ತುವು ಬಿಸಿಯಾದುದನ್ನು ಕಾಯಿಸಿ ಕರಗಿಸುವುದುಂಟೆ?

ನಿಜವಾದ ಕೊಂಡಿ ನೀರು. ಸುಮಾರು 100 ಕಿಲೋಮೀಟರು ಆಳದ ಹೊತ್ತಿಗೆ ಒತ್ತಡ ಮತ್ತು ಶಾಖಗಳಿಂದ ಖನಿಜಗಳು ನೀರನ್ನು ಬಿಟ್ಟುಕೊಡುತ್ತವೆ. ಆ ನೀರು ಮೇಲಿನ ಬಿಸಿಶಿಲೆಯನ್ನು ಸೇರಿ ಅದರ ದ್ರವನಬಿಂದುವನ್ನು ನೂರಾರು ಡಿಗ್ರಿಗಳಷ್ಟು ತಗ್ಗಿಸುತ್ತದೆ. ಮಂಜುಗಡ್ಡೆಗೆ ಉಪ್ಪು ಬೆರೆಸಿದಾಗ ಸೊನ್ನೆ ಡಿಗ್ರಿಗಿಂತ ಕೆಳಗೂ ಅದು ಕರಗುವುದನ್ನು ಪ್ರಯೋಗಶಾಲೆಯಲ್ಲಿ ಕಂಡವರಿಗೆ ಇದು ಹೊಸತಲ್ಲ. ಶಾಖವನ್ನು ಹೆಚ್ಚಿಸದೆಯೇ ಶಿಲೆಯು ಭಾಗಶಃ ಕರಗಿತು. ಆದುದರಿಂದ ಶಿಲಾರಸವು ಮೇಲೇರಿತು. ಆದುದರಿಂದ ಜ್ವಾಲಾಮುಖಿಗಳ ಸಾಲು. ನಮ್ಮ ಅಂಡಮಾನಿನ ಬ್ಯಾರನ್ ದ್ವೀಪವು ಇಂಥದೊಂದು ಸಾಲಿನಲ್ಲಿಯೇ ಇದೆ.

ಈಗ ಹಿಮಾಲಯಕ್ಕೆ ಬರೋಣ. ಸುಮಾರು 5 ಕೋಟಿ ವರ್ಷಗಳ ಹಿಂದೆ ಭಾರತದ ಭೂಖಂಡವು ಏಷ್ಯವನ್ನು ತಾಕಿತು. ಭೂಖಂಡದ ತೊಗಟೆ ದಪ್ಪವೂ ಹಗುರವೂ ಆದುದು. ಸಾಗರತಳದಂತೆ ಅದು ಸುಲಭವಾಗಿ ಮುಳುಗಲಾರದು. ಮುಳುಗದೆ ಮಡಿಚಿ ಒಂದರ ಮೇಲೊಂದು ಏರಿತು, ಪರ್ವತ ಬೆಳೆಯಿತು. ಸಾಗರತಳದೊಡನೆ ಆಳಕ್ಕೆ ಹೋಗುತ್ತಿದ್ದ ನೀರಿನ ಸರಬರಾಜು ನಿಂತುಹೋಯಿತು. ಅದರೊಡನೆ ಜ್ವಾಲಾಮುಖಿಗಳೂ ನಿಂತವು.

‘ನಿಂತವು’ ಎಂದೆವಲ್ಲವೆ? ಸರಪಳಿ ಸರಿಯಾಗಿದ್ದರೆ, ತಾಕುವ ಮುನ್ನ ಅಲ್ಲಿ ಜ್ವಾಲಾಮುಖಿಗಳು ಇದ್ದಿರಬೇಕು. ಏಕೆಂದರೆ ಆಗ ಟೆಥಿಸ್ ಸಾಗರದ ತಳವು ಏಷ್ಯದ ಕೆಳಗೆ ಮುಳುಗುತ್ತಿತ್ತು. ಇದ್ದುದು ನಿಜವೇ. ಲಡಾಖ್ ಶ್ರೇಣಿಯ ಗ್ರಾನೈಟ್ ರಾಶಿಯು ಅಂಥ ಸಾಲೊಂದರ ಅಡಿಯಲ್ಲಿ ತಣಿದು ಗಟ್ಟಿಯಾದ ಶಿಲಾರಸ. ಉರುಹೊಡೆದ ಉದಾಹರಣೆಗಳ ಪಟ್ಟಿಯಿಂದ ಈ ಗ್ರಾನೈಟನ್ನು ಯಾರೂ ಊಹಿಸಲಾರರು.

ಸಾಗರತಳ ಎಲ್ಲಿಯೂ ಬಹಳ ಹಳೆಯದಲ್ಲ ಎಂಬುದನ್ನು ಬೇರೆ ಅಂಶವಾಗಿ ಬರೆದುಕೊಳ್ಳಬೇಕಾಗಿಯೂ ಇಲ್ಲ. ಅದು ಮುಳುಗುತ್ತದೆ, ಆದುದರಿಂದ ಬಹುಮಟ್ಟಿಗೆ 20 ಕೋಟಿ ವರ್ಷಗಳೊಳಗಿನದು. ಭೂಖಂಡಗಳು ಮುಳುಗವು, ಆದುದರಿಂದ ಅವುಗಳ ಮೇಲೆ 300 ಕೋಟಿ ವರ್ಷಗಳನ್ನು ಮೀರಿದ ಶಿಲೆಗಳು ಉಳಿದಿವೆ. ಕರ್ನಾಟಕದಲ್ಲಿಯೂ ಅಂಥವು ಇವೆ.

ಆದರೆ ಸರಪಳಿಯ ವ್ಯಾಮೋಹವೂ ಸಲ್ಲದು. ಹವಾಯಿಯ ಜ್ವಾಲಾಮುಖಿಗಳು ಫಲಕದ ಅಂಚಿನಿಂದ ಸಾವಿರಾರು ಕಿಲೋಮೀಟರು ದೂರದಲ್ಲಿವೆ. ಅಲ್ಲಿ ಮುಳುಗುವ ಫಲಕವಿಲ್ಲ. ಆಳದಿಂದ ಏರುವ ಬಿಸಿಶಿಲೆಯು ಒತ್ತಡ ಇಳಿದೊಡನೆ ಕರಗುತ್ತದೆಂಬುದು ಬಹುಮಾನ್ಯವಾದ ವಿವರಣೆ. ಅದನ್ನು ಎಳೆದುತಂದು ಮೇಲಿನ ಸಾಲಿಗೆ ಪೋಣಿಸತಕ್ಕದ್ದಲ್ಲ. ಪುಟದ ಅಂಚಿನಲ್ಲಿ ಬೇರೆಯಾಗಿಯೇ ಬರೆದಿಟ್ಟುಕೊಳ್ಳತಕ್ಕದ್ದು.